ಬಾಡಿಗೆ ಬಂದ ದಿನ, ಬಾಡಿಗೆಯ ತಿಂಗಳು

2025ರ ಜೂನ್ ತಿಂಗಳಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಬ್ಯಾಂಕಿನ ಪಾಸ್‌ಬುಕ್ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಬನಶಂಕರಿಯಲ್ಲಿ ಅವರದೊಂದು ಫ್ಲ್ಯಾಟ್ ಇದೆ. ಮೈಸೂರಿಗೆ ಮಗನ ಮನೆಗೆ ಹೋದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟಿದ್ದಾರೆ. 2024ರ ಏಪ್ರಿಲ್ 1ರಿಂದ ಒಂದು ಕಂಪನಿ ತನ್ನ ಸಿಬ್ಬಂದಿಗೆಂದು ಆ ಮನೆಯನ್ನು ಹಿಡಿದಿತ್ತು. ಮೇಡಂ ಪಾಸ್‌ಬುಕ್ಕಿನಲ್ಲಿ ಮನೆಯಿಂದ ಬಂದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಕೊನೆಯಲ್ಲಿ ಒಟ್ಟು ಬರೆದಿದ್ದರು: 11,44,500 ರೂಪಾಯಿ. ಅದಕ್ಕೆ ಕಂಪನಿ ಹಿಡಿದ ಟಿಡಿಎಸ್ 82,500 ಕೂಡಿಸಿದರೆ 12,27,000. "ನೋಡಪ್ಪಾ, ಒಂದು ಮನೆಯಿಂದ ಹನ್ನೆರಡು ಲಕ್ಷ! ನನ್ನ ಪೆನ್ಷನ್ನಿಗಿಂತ ಮೂರು ಪಟ್ಟು ಜಾಸ್ತಿ. ಇದಕ್ಕೆಲ್ಲ ಟ್ಯಾಕ್ಸ್ ಕಟ್ಟಬೇಕಾ?" ಎಂದರು. ಮುಖದಲ್ಲಿ ನಿಜವಾದ ಆತಂಕವಿತ್ತು.

ಅವರು ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಹನ್ನೆರಡು ಲಕ್ಷದಲ್ಲಿ ನಾಲ್ಕು ಬೇರೆ ಬೇರೆ ದುಡ್ಡು ಒಂದೇ ಖಾತೆಗೆ ಬಂದು ಬೆರೆತಿದ್ದವು. ತೆರಿಗೆಯ ಕಾನೂನು ಅವುಗಳಲ್ಲಿ ಪ್ರತಿಯೊಂದನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ. ಬಾಡಿಗೆಯ ವಿಷಯದಲ್ಲಿ ಅದು ಕೇಳುವುದು "ಇದು ಯಾವ ತಿಂಗಳ ಬಾಡಿಗೆ?" ಎಂದು. ಕಂದಾಯದ ವಿಷಯದಲ್ಲಿ "ಯಾವ ದಿನ ಕಟ್ಟಿದಿರಿ?" ಎಂದು. ಮೆಂಟೆನೆನ್ಸ್ ವಿಷಯದಲ್ಲಿ "ಇದು ಯಾರ ದುಡ್ಡು?" ಎಂದು. ಮನೆ ಬಾಡಿಗೆಗೆ ಕೊಟ್ಟವರ ಲೆಕ್ಕದಲ್ಲಿ ನಾನು ನೋಡುವ ಹೆಚ್ಚಿನ ತಪ್ಪುಗಳು ಈ ಮೂರು ಪ್ರಶ್ನೆಗಳನ್ನು ಅದಲುಬದಲು ಮಾಡಿಕೊಂಡಾಗ ಹುಟ್ಟಿದವು.

ಮೊದಲು ಸುಲಭದ್ದನ್ನು ಪಕ್ಕಕ್ಕಿಡೋಣ. ಬೆಂಗಳೂರಿನಲ್ಲಿ "ಅಡ್ವಾನ್ಸ್ ಎಷ್ಟು?" ಎಂದು ಕೇಳಿದರೆ ಯಾರೂ ಮುಂಗಡ ಬಾಡಿಗೆಯ ಬಗ್ಗೆ ಮಾತಾಡುತ್ತಿರುವುದಿಲ್ಲ. ಮನೆ ಬಿಡುವಾಗ ವಾಪಸ್ಸು ಕೊಡಬೇಕಾದ ಭದ್ರತಾ ಠೇವಣಿಗೆ ನಾವು ಇಟ್ಟುಕೊಂಡ ಹೆಸರು ಅದು. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಪದ್ಧತಿ ಈ ಊರಿನದೇ. ಮೇಡಂ ಆರು ತಿಂಗಳದ್ದು, 3,30,000 ರೂಪಾಯಿ ಪಡೆದಿದ್ದರು. ಅದು ಅವರ ಖಾತೆಯಲ್ಲಿದ್ದರೂ ಅವರ ಆದಾಯವಲ್ಲ, ಅವರ ಮೇಲಿರುವ ಸಾಲ. ಅದಕ್ಕೆ ತೆರಿಗೆಯಿಲ್ಲ, ಟಿಡಿಎಸ್ ಕೂಡ ಹಿಡಿಯುವಂತಿಲ್ಲ. ಆ ದುಡ್ಡನ್ನು ಎಫ್‌ಡಿಯಲ್ಲಿಟ್ಟು ಬಡ್ಡಿ ಬಂದರೆ ಬಡ್ಡಿಗೆ ಮಾತ್ರ ತೆರಿಗೆ. ಬಾಡಿಗೆದಾರ ಕೊನೆಯ ಎರಡು ತಿಂಗಳು ಬಾಡಿಗೆ ಕೊಡದೆ "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ" ಎಂದರೆ, ಮುರಿದುಕೊಂಡ ಭಾಗ ಆ ತಿಂಗಳುಗಳ ಬಾಡಿಗೆಯಾಗುತ್ತದೆ.

ಭೋಗ್ಯಕ್ಕೆ ಮನೆ ಕೊಟ್ಟವರಿಗೂ ಇಲ್ಲೇ ಒಂದು ಮಾತು ಹೇಳಬೇಕು. ದೊಡ್ಡ ಮೊತ್ತ ಪಡೆದು ತಿಂಗಳ ಬಾಡಿಗೆ ಇಲ್ಲದೆ ಮನೆ ಕೊಟ್ಟರೆ ಆದಾಯವೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಆದರೆ ಕಾನೂನು ಕೈಗೆ ಬಂದ ಬಾಡಿಗೆಯನ್ನಷ್ಟೇ ನೋಡುವುದಿಲ್ಲ, ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಎಂಬುದನ್ನೂ ನೋಡುತ್ತದೆ. ಭೋಗ್ಯದ ಮನೆಯ ಲೆಕ್ಕದಲ್ಲಿ ಸೊನ್ನೆ ಬರೆದು ಸುಮ್ಮನಾಗುವುದು ಕ್ಷೇಮವಲ್ಲ.

ಈಗ ನಿಜವಾದ ಮುಂಗಡ ಬಾಡಿಗೆಗೆ ಬರೋಣ. ತಿಂಗಳ ಬಾಡಿಗೆ 55,000. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳಿಗೆ 6,60,000. ಅದರ ಮೇಲೆ 2025ರ ಮಾರ್ಚ್ ಕೊನೆಯ ವಾರದಲ್ಲಿ ಕಂಪನಿ ಮುಂದಿನ ಮೂರು ತಿಂಗಳ, ಅಂದರೆ ಏಪ್ರಿಲ್, ಮೇ, ಜೂನ್‌ನ ಬಾಡಿಗೆ 1,65,000 ರೂಪಾಯಿಯನ್ನು ಒಟ್ಟಿಗೆ ಹಾಕಿತ್ತು. ವರ್ಷದ ಬಜೆಟ್ಟಿನಲ್ಲಿ ದುಡ್ಡು ಉಳಿದಿದ್ದರೆ ಕಂಪನಿಗಳು ಹೀಗೆ ಮಾಡುವುದುಂಟು. ವಿದೇಶಕ್ಕೆ ಹೋಗುವ ಕುಟುಂಬಗಳೂ ಕೆಲವೊಮ್ಮೆ ಆರು ತಿಂಗಳ ಬಾಡಿಗೆ ಮುಂಚಿತವಾಗಿ ಕೊಟ್ಟು ಹೋಗುತ್ತವೆ.

ಈ 1,65,000 ಯಾವ ವರ್ಷದ ಆದಾಯ? ಪಾಸ್‌ಬುಕ್ ಪ್ರಕಾರ ಮಾರ್ಚ್ 2025, ಆದ್ದರಿಂದ 2024-25. ಕಾನೂನಿನ ಪ್ರಕಾರ ಹಾಗಲ್ಲ. ಮನೆಯ ಆದಾಯಕ್ಕೆ ತೆರಿಗೆ ಬೀಳುವುದು ಆ ಮನೆಯ "ವಾರ್ಷಿಕ ಮೌಲ್ಯ"ದ ಮೇಲೆ. 1961ರ ಆದಾಯ ತೆರಿಗೆ ಕಾಯ್ದೆಯ 23ನೇ ಕಲಮು ಅದನ್ನು ಅಳೆಯುವುದು ಆ ವರ್ಷಕ್ಕೆ ಬಂದ ಅಥವಾ ಬರಬೇಕಾದ ಬಾಡಿಗೆಯಿಂದ. ಮನೆ 2025ರ ಏಪ್ರಿಲ್‌ನಲ್ಲಿ ಗಳಿಸಲಿರುವ ಬಾಡಿಗೆ 2024-25ರ ಮೌಲ್ಯದ ಭಾಗವಾಗುವುದಿಲ್ಲ. ಒಂದು ವಾರ ಮುಂಚೆ ಕೈಗೆ ಬಂದಿತೆಂಬ ಕಾರಣಕ್ಕೆ ಅದು ಹಳೆಯ ವರ್ಷಕ್ಕೆ ಹಾರಿಹೋಗುವುದಿಲ್ಲ.

"ಈ ವರ್ಷ ಕಟ್ಟಿದರೆ ಮುಂದಿನ ವರ್ಷ ಕಡಿಮೆಯಾಗುತ್ತಲ್ಲ, ಅದಕ್ಕೇನು?" ಎಂದು ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಒಂದೇ ವರ್ಷಕ್ಕೆ ಹದಿನೈದು ತಿಂಗಳ ಬಾಡಿಗೆ ತೋರಿಸಿದರೆ ಆದಾಯ ಮೇಲಿನ ಹಂತಕ್ಕೆ ಏರಿ ಹೆಚ್ಚು ದರದ ತೆರಿಗೆ ಬೀಳಬಹುದು. ಬಾಡಿಗೆದಾರ ಮೇ ತಿಂಗಳಲ್ಲೇ ಮನೆ ಬಿಟ್ಟರೆ ಜೂನ್‌ನ ಬಾಡಿಗೆ ವಾಪಸ್ಸು ಕೊಡಬೇಕು. ಆಗ ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಇನ್ನೂ ಸಾಮಾನ್ಯವಾಗಿ ನಡೆಯುವುದೆಂದರೆ, ಮುಂದಿನ ವರ್ಷ ಲೆಕ್ಕ ಮಾಡುವವರು ಕರಾರುಪತ್ರ ನೋಡಿ ಹನ್ನೆರಡು ತಿಂಗಳ ಬಾಡಿಗೆ ಬರೆದುಬಿಡುತ್ತಾರೆ. ಮೂರು ತಿಂಗಳಿಗೆ ಎರಡು ಸಲ ತೆರಿಗೆ ಹೋಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಮೇಡಂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರು, ಶೇ. 20ರ ಹಂತದಲ್ಲಿ. ಈ ಒಂದು ಸಾಲನ್ನು ತಪ್ಪು ವರ್ಷದಲ್ಲಿ ಬರೆದಿದ್ದರೆ ಆ ವರ್ಷದ ಆದಾಯ 1,15,500 ಹೆಚ್ಚಾಗಿ, ಸೆಸ್ ಸೇರಿ 24,024 ರೂಪಾಯಿ ತೆರಿಗೆ ಹೆಚ್ಚು ಬೀಳುತ್ತಿತ್ತು.

ಬಾಕಿ ಉಳಿದ ಬಾಡಿಗೆಗೆ ಬೇರೆಯದೇ ನಿಯಮವಿದೆ ಎಂಬುದನ್ನು ಮರೆಯಬಾರದು. ಹಿಂದಿನ ವರ್ಷಗಳಿಗೆ ಬಾಡಿಗೆ ಹೆಚ್ಚಿಸಿದ್ದರ ವ್ಯತ್ಯಾಸ ಈಗ ಒಟ್ಟಿಗೆ ಬಂದಿತು, ಅದನ್ನು ಹಿಂದೆ ಯಾವತ್ತೂ ಆದಾಯವಾಗಿ ತೋರಿಸಿರಲಿಲ್ಲ ಎಂದಾದರೆ, ಅದಕ್ಕೆ ತೆರಿಗೆ ಬೀಳುವುದು ಬಂದ ವರ್ಷದಲ್ಲೇ. ಮುಂದಿನದು ತನ್ನ ವರ್ಷಕ್ಕೆ ಕಾಯುತ್ತದೆ, ಹಿಂದಿನದು ಬಂದ ವರ್ಷಕ್ಕೆ ಸೇರುತ್ತದೆ.

ಮುಂಗಡ ಬಾಡಿಗೆಯಲ್ಲಿ ಜನ ಎಡವುವ ನಿಜವಾದ ಜಾಗ ಟಿಡಿಎಸ್. ಕಂಪನಿ ದುಡ್ಡು ಕೊಡುವ ದಿನವೇ ಶೇ. 10ರಂತೆ ತೆರಿಗೆ ಮುರಿದುಕೊಳ್ಳಬೇಕು. ಅದು ಯಾವ ತಿಂಗಳ ಬಾಡಿಗೆ ಎಂಬುದು ಕಂಪನಿಗೆ ಮುಖ್ಯವಲ್ಲ. ಹಾಗಾಗಿ ಮೇಡಂ ಅವರ ಫಾರಂ 26ಎಎಸ್‌ನಲ್ಲಿ 2024-25ಕ್ಕೆ 8,25,000 ರೂಪಾಯಿ ಬಾಡಿಗೆ, 82,500 ಟಿಡಿಎಸ್ ಎಂದು ದಾಖಲಾಗಿತ್ತು. ರಿಟರ್ನಿನಲ್ಲಿ ನಾವು ತೋರಿಸಬೇಕಾದ ಬಾಡಿಗೆ 6,60,000 ಮಾತ್ರ. ಎರಡು ಅಂಕಿಗಳೂ ಸರಿ, ಆದರೆ ಹೊಂದುವುದಿಲ್ಲ. ಇಲಾಖೆಯ ಕಂಪ್ಯೂಟರ್ ಈ ವ್ಯತ್ಯಾಸವನ್ನು ಹಿಡಿದೇ ಹಿಡಿಯುತ್ತದೆ.

ಇಲ್ಲಿ ಕೆಲವರು ಬಾಡಿಗೆಯನ್ನು 6,60,000 ಎಂದು ತೋರಿಸಿ ಟಿಡಿಎಸ್ ಪೂರ್ತಿ 82,500 ಕೇಳುತ್ತಾರೆ. ಅದು ತಪ್ಪು. ಯಾವ ಆದಾಯದಿಂದ ತೆರಿಗೆ ಹಿಡಿದಿದ್ದಾರೋ ಆ ಆದಾಯ ಯಾವ ವರ್ಷಕ್ಕೆ ಸೇರುತ್ತದೋ, ಟಿಡಿಎಸ್‌ನ ಲಾಭವೂ ಆ ವರ್ಷಕ್ಕೇ ಸಿಗಬೇಕೆಂದು ಆದಾಯ ತೆರಿಗೆ ನಿಯಮಗಳ 37ಬಿಎ ಹೇಳುತ್ತದೆ. ಆದ್ದರಿಂದ 66,000 ಈ ವರ್ಷಕ್ಕೆ, ಉಳಿದ 16,500 ಮುಂದಿನ ವರ್ಷಕ್ಕೆ. ಐಟಿಆರ್-2ರ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಮೊತ್ತಕ್ಕೆಂದೇ ಒಂದು ಅಂಕಣವಿದೆ. 16,500 ಅಲ್ಲಿ ಬರೆದಾಗ ಬಾಡಿಗೆ ಕಡಿಮೆ ಕಂಡದ್ದೇಕೆ ಎಂಬುದಕ್ಕೆ ವಿವರಣೆಯೂ ಅದರಲ್ಲೇ ಸಿಗುತ್ತದೆ. ಆಮೇಲೆ ನೋಟಿಸ್ ಬಂದರೂ ಹೆದರಬೇಕಿಲ್ಲ. ಕರಾರುಪತ್ರ, ಮತ್ತು ಈ ಮೊತ್ತ ಏಪ್ರಿಲ್‌ನಿಂದ ಜೂನ್‌ವರೆಗಿನ ಬಾಡಿಗೆ ಎಂದು ಕಂಪನಿಯಿಂದ ಬಂದ ಒಂದು ಪತ್ರ ಅಥವಾ ಇಮೇಲ್ ಸಾಕು. ಮೇಡಂ ಹತ್ತಿರ ಅಂಥ ಪತ್ರ ಇರಲಿಲ್ಲ. ಅಂದೇ ಫೋನ್ ಮಾಡಿ ತರಿಸಿಕೊಂಡರು. ದುಡ್ಡು ಬಂದ ದಿನವೇ ಕೇಳಿದ್ದರೆ ಇನ್ನೂ ಸುಲಭವಾಗಿರುತ್ತಿತ್ತು, ಏಕೆಂದರೆ ಮೂರು ತಿಂಗಳಲ್ಲಿ ಕಂಪನಿಯ ಆ ವಿಭಾಗದವರೇ ಬದಲಾಗಿದ್ದರು.

ಬಾಡಿಗೆದಾರ ಕಂಪನಿಯಲ್ಲದೆ ಸಾಮಾನ್ಯ ಕುಟುಂಬವಾಗಿದ್ದರೆ ಈ ಗೊಂದಲ ಕಡಿಮೆ. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಮಾತ್ರ ಅವರು ಟಿಡಿಎಸ್ ಹಿಡಿಯಬೇಕು, ಅದೂ ವರ್ಷಕ್ಕೊಮ್ಮೆ. ಆ ದರ 2024ರ ಅಕ್ಟೋಬರ್ 1ರಿಂದ ಶೇ. 2ಕ್ಕೆ ಇಳಿದಿದೆ.

ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಬಾಡಿಗೆಯ ಜೊತೆ ಇನ್ನೊಂದು 6,000 ಬಂದಿತ್ತು, ವರ್ಷಕ್ಕೆ 72,000. ಅದು ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್. ಸೆಕ್ಯುರಿಟಿ, ಲಿಫ್ಟು, ಜನರೇಟರು, ಸಂಪಿನ ನೀರು, ಮೆಟ್ಟಿಲು ಗುಡಿಸುವವರ ಸಂಬಳ ಎಲ್ಲ ಅದರಲ್ಲೇ. ಮೇಡಂ ಬಾಡಿಗೆದಾರರಿಂದ ಪಡೆದು ಅದನ್ನು ಹಾಗೆಯೇ ಸಂಘದ ಖಾತೆಗೆ ಕಳಿಸುತ್ತಿದ್ದರು. ಇದು ಅವರ ಆದಾಯವೇ?

ಉತ್ತರ ಕರಾರುಪತ್ರದ ಒಂದು ಸಾಲಿನಲ್ಲಿದೆ. ಅವರ ಅದೃಷ್ಟಕ್ಕೆ "ಬಾಡಿಗೆ 55,000, ಇದಲ್ಲದೆ ಸಂಘದ ಮೆಂಟೆನೆನ್ಸ್ 6,000 ಬಾಡಿಗೆದಾರರೇ ಭರಿಸತಕ್ಕದ್ದು" ಎಂದು ಬೇರೆಯಾಗಿ ಬರೆಸಿದ್ದರು. ಕಂಪನಿಯೂ ಟಿಡಿಎಸ್ ಹಿಡಿದದ್ದು ಬಾಡಿಗೆಯ ಮೇಲೆ ಮಾತ್ರ. ಹಾಗಾದಾಗ ಆ 6,000 ಬಾಡಿಗೆದಾರರ ಖರ್ಚು. ಮನೆಯ ಒಡತಿ ಅದನ್ನು ದಾಟಿಸಿದ ಕೈ ಮಾತ್ರ. ಸಂಘದ ರಸೀದಿಗಳು ಅಷ್ಟೇ ಮೊತ್ತಕ್ಕೆ ಇದ್ದವು. ನಾನು ಅದನ್ನು ಬಾಡಿಗೆಗೆ ಸೇರಿಸಲಿಲ್ಲ.

ಆದರೆ ಬೆಂಗಳೂರಿನ ಎಷ್ಟೋ ಕರಾರುಪತ್ರಗಳಲ್ಲಿ "ಬಾಡಿಗೆ 61,000, ಮೆಂಟೆನೆನ್ಸ್ ಸೇರಿ" ಎಂದಿರುತ್ತದೆ. ಆಗ ಪೂರ್ತಿ 61,000 ಬಾಡಿಗೆಯಾಗುತ್ತದೆ. ಅದರೊಳಗಿಂದ ನೀವು ಸಂಘಕ್ಕೆ ಕಟ್ಟಿದ 6,000 ಕಳೆಯಬಹುದೇ ಎಂದರೆ ವಾದ ಶುರುವಾಗುತ್ತದೆ. ಮನೆಯ ಆದಾಯದಲ್ಲಿ ರಿಪೇರಿ, ಸುಣ್ಣಬಣ್ಣ, ವಿಮೆ, ಬ್ರೋಕರ್ ಕಮಿಷನ್ ಎಲ್ಲಕ್ಕೂ ಸೇರಿಸಿ ಶೇ. 30ರಷ್ಟನ್ನು ಲೆಕ್ಕ ಕೇಳದೆ ಬಿಟ್ಟುಕೊಡುತ್ತಾರೆ. ಒಂದು ರೂಪಾಯಿ ಖರ್ಚಾಗದಿದ್ದರೂ ಅಷ್ಟು ಸಿಗುತ್ತದೆ, ಎರಡು ಲಕ್ಷ ಖರ್ಚಾದರೂ ಅಷ್ಟೇ. ಮೆಂಟೆನೆನ್ಸ್ ಕೂಡ ಆ ಶೇ. 30ರೊಳಗೇ ಬಂತು ಎನ್ನುವುದು ಇಲಾಖೆಯ ನಿಲುವು. ಸಂಘಕ್ಕೆ ಹೋದ ದುಡ್ಡು ಒಡೆಯನಿಗೆ ಬಂದ ಬಾಡಿಗೆಯೇ ಅಲ್ಲ, ಆದ್ದರಿಂದ ಮೊದಲೇ ಕಳೆಯಬೇಕು ಎಂದು ಕೆಲವು ತೆರಿಗೆ ನ್ಯಾಯಮಂಡಳಿಗಳು ಒಪ್ಪಿವೆ, ಇನ್ನು ಕೆಲವು ಒಪ್ಪಿಲ್ಲ. ಗೆದ್ದರೂ ವರ್ಷಗಟ್ಟಲೆ ಅಲೆದಾಟ. ಮೇಡಂ ಅವರ ಲೆಕ್ಕದಲ್ಲಿ ಈ 72,000 ಬಾಡಿಗೆಗೆ ಸೇರಿದ್ದರೆ ಆದಾಯ 50,400 ಹೆಚ್ಚಾಗಿ, ಸುಮಾರು 10,480 ರೂಪಾಯಿ ತೆರಿಗೆ ಹೋಗುತ್ತಿತ್ತು. ಸಂಘಕ್ಕೆ ಕೊಟ್ಟ ದುಡ್ಡಿಗೆ ಪ್ರತಿ ವರ್ಷ ತೆರಿಗೆ ಕಟ್ಟುವುದು ನನಗಂತೂ ಸಂಕಟದ ವಿಷಯ. ಕರಾರುಪತ್ರ ಬರೆಸುವ ದಿನ ಒಂದು ಸಾಲನ್ನು ಒಡೆದು ಎರಡು ಮಾಡಿದರೆ ಅದು ತಪ್ಪುತ್ತದೆ. ಬಾಡಿಗೆದಾರರೇ ನೇರವಾಗಿ ಸಂಘಕ್ಕೆ ಕಟ್ಟುವಂತಾದರೆ ಇನ್ನೂ ಒಳ್ಳೆಯದು. ಆಗ ಆ ದುಡ್ಡು ನಿಮ್ಮ ಪಾಸ್‌ಬುಕ್ಕಿಗೇ ಬರುವುದಿಲ್ಲ.

ಇದಕ್ಕೊಂದು ಮಿತಿಯಿದೆ. ತೆರಿಗೆ ಉಳಿಯುತ್ತದೆಂದು ಬಾಡಿಗೆ ಇಳಿಸಿ ಮೆಂಟೆನೆನ್ಸ್ ಏರಿಸಿ ಬರೆಸುವುದು ನಡೆಯುವುದಿಲ್ಲ. ಸಂಘ ಕೇಳುವುದು 4,500, ನೀವು ಪಡೆಯುವುದು 6,000 ಎಂದಾದರೆ ನಡುವಿನ 1,500 ನಿಮ್ಮ ಆದಾಯವೇ. ಸಂಘವಿಲ್ಲದೆ ಸ್ವಂತ ಕಟ್ಟಡದಲ್ಲಿ ಆರೆಂಟು ಮನೆ ಕಟ್ಟಿಸಿ, ತಾವೇ ಕಾವಲುಗಾರನಿಗೆ ಸಂಬಳ ಕೊಟ್ಟು, ನೀರು ಹಾಕಿಸಿ ಮೆಂಟೆನೆನ್ಸ್ ವಸೂಲು ಮಾಡುವವರು ಆ ವಸೂಲಿಗೂ ಖರ್ಚಿಗೂ ಪ್ರತ್ಯೇಕ ಲೆಕ್ಕವನ್ನೇ ಇಡಬೇಕು.

ಇನ್ನು ಕಂದಾಯ. ನಮ್ಮ ಮೂರು ಪ್ರಶ್ನೆಗಳಲ್ಲಿ ಕಾನೂನು ದುಡ್ಡು ಹೋದ ದಿನವನ್ನೇ ಹಿಡಿದು ಕೂರುವುದು ಇಲ್ಲಿ ಮಾತ್ರ. ಬಾಡಿಗೆಯಿಂದ ಮೊದಲು ಕಳೆಯುವುದು ಸ್ಥಳೀಯ ಸಂಸ್ಥೆಯ ಆಸ್ತಿ ತೆರಿಗೆ. ಅದಕ್ಕೆ ಎರಡೇ ಷರತ್ತು: ಮಾಲೀಕರೇ ಕಟ್ಟಿರಬೇಕು, ಮತ್ತು ಆ ವರ್ಷದೊಳಗೆ ನಿಜವಾಗಿ ಕಟ್ಟಿರಬೇಕು. ಅದು ಯಾವ ವರ್ಷದ ಕಂದಾಯ ಎಂಬುದು ಲೆಕ್ಕಕ್ಕಿಲ್ಲ. ಬಾಡಿಗೆದಾರರು ಕಟ್ಟಿದರೆ ನಿಮಗೆ ಸಿಗುವುದಿಲ್ಲ. ಬಾಕಿ ಇಟ್ಟುಕೊಂಡರೂ ಸಿಗುವುದಿಲ್ಲ.

ಮೇಡಂ 2024ರ ಏಪ್ರಿಲ್‌ನಲ್ಲಿ ಆ ವರ್ಷದ ಕಂದಾಯ 14,000 ಕಟ್ಟಿದ್ದರು. ಏಪ್ರಿಲ್ 30ರೊಳಗೆ ಪೂರ್ತಿ ಕಟ್ಟಿದರೆ ಸಿಗುವ ಶೇ. 5ರ ರಿಯಾಯಿತಿ ಕಳೆದು ಉಳಿದ ಮೊತ್ತ ಅದು. ಕಳೆಯಬೇಕಾದದ್ದೂ ಅಷ್ಟನ್ನೇ, ರಿಯಾಯಿತಿಗೆ ಮುಂಚಿನ ಮೊತ್ತವನ್ನಲ್ಲ. ಇದಲ್ಲದೆ ಅವರ ಕಡತದಲ್ಲಿ ಇನ್ನೊಂದು ರಸೀದಿ ಇತ್ತು, 2025ರ ಮಾರ್ಚ್‌ನದು. ಅದರ ಕಥೆ ಹೇಳಲೇಬೇಕು, ಏಕೆಂದರೆ ಬೆಂಗಳೂರಿನ ನೂರಾರು ಮನೆಗಳ ಕಥೆಯೂ ಅದೇ. ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಯ ಕಂದಾಯದ ದರ ಎರಡು ಪಟ್ಟು. ಮೇಡಂ 2023ರಲ್ಲಿ ಮೈಸೂರಿಗೆ ಹೋಗಿ ಮನೆಯನ್ನು ಮೊದಲು ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಾಗ, ಕಂದಾಯವನ್ನು ಹಿಂದಿನಂತೆ ಸ್ವಂತ ವಾಸವೆಂದೇ 7,000 ಕಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ. ಹಿಂದಿನ ವರ್ಷದ ವಿವರವೇ ತೆರೆಯ ಮೇಲೆ ಬಂದಿತ್ತು, ಒತ್ತಿ ಮುಂದೆ ಹೋಗಿದ್ದರು. ಆಮೇಲೆ ನೋಟಿಸ್ ಬಂತು. 2023-24ರ ವ್ಯತ್ಯಾಸ 7,000 ಜೊತೆಗೆ ದಂಡ ಮತ್ತು ಬಡ್ಡಿ ಕಟ್ಟಬೇಕಾಯಿತು.

ಒಂದು ಕಡೆ ಆದಾಯ ತೆರಿಗೆಯ ರಿಟರ್ನಿನಲ್ಲಿ ಬಾಡಿಗೆ ಮನೆ, ಇನ್ನೊಂದು ಕಡೆ ಪಾಲಿಕೆಯ ದಾಖಲೆಯಲ್ಲಿ ಸ್ವಂತ ವಾಸ ಎಂದಿದ್ದರೆ ನಿಮ್ಮ ಕೈಬರಹವೇ ನಿಮ್ಮ ವಿರುದ್ಧ ಸಾಕ್ಷಿ. ಮನೆ ಬಾಡಿಗೆಗೆ ಹೋದ ಮೊದಲ ಏಪ್ರಿಲ್‌ನಲ್ಲೇ ಪಾಲಿಕೆಗೆ ಕೊಡುವ ಘೋಷಣೆಯನ್ನು ಬದಲಿಸಿ. ಕಂದಾಯ ಹೆಚ್ಚಾಗುತ್ತದೆ ನಿಜ, ಆದರೆ ಹೆಚ್ಚಾದದ್ದು ಬಾಡಿಗೆಯಿಂದ ಕಳೆಯುತ್ತದೆ. ದಂಡ ಕಳೆಯುವುದಿಲ್ಲ.

ಆ ಮಾರ್ಚ್ ರಸೀದಿಯಲ್ಲಿ ತೆರಿಗೆಯ ಭಾಗ 7,000 ಮಾತ್ರ ನಾನು ತೆಗೆದುಕೊಂಡೆ. ಅದು 2023-24ರ ಕಂದಾಯವಾದರೂ ಕಟ್ಟಿದ್ದು 2024-25ರಲ್ಲಿ, ಆದ್ದರಿಂದ ಅದು 2024-25ಕ್ಕೇ. ದಂಡ, ಬಡ್ಡಿ ತೆರಿಗೆಯಲ್ಲ, ಅವನ್ನು ಬಿಟ್ಟೆ. 2025ರ ಏಪ್ರಿಲ್‌ನಲ್ಲಿ ಅವರು ಕಟ್ಟಿದ ಹೊಸ ರಸೀದಿಯನ್ನೂ ತಂದಿದ್ದರು, "ಇದನ್ನೂ ಹಾಕು" ಎಂದರು. ಅದು ಮುಂದಿನ ವರ್ಷದ ಕಡತಕ್ಕೆ ಹೋಯಿತು. ಆ ರಸೀದಿಯಲ್ಲಿ ಕಸ ವಿಲೇವಾರಿಯ ಬಳಕೆದಾರರ ಶುಲ್ಕ ಎಂಬ ಹೊಸ ಸಾಲೂ ಇತ್ತು. ಕಂದಾಯದ ಜೊತೆ ಅದನ್ನು ವಸೂಲು ಮಾಡಲು ಶುರುವಾದದ್ದು 2025ರ ಏಪ್ರಿಲ್‌ನಿಂದ. ಅದು ಶುಲ್ಕ, ತೆರಿಗೆಯಲ್ಲ. ಒಂದೇ ರಸೀದಿಯಲ್ಲಿದೆಯೆಂದು ಒಟ್ಟು ಮೊತ್ತ ಕಳೆಯಬೇಡಿ, ಸಾಲುಗಳನ್ನು ಓದಿ.

ಈಗ ಕೂಡಿ ನೋಡೋಣ. ಆ ವರ್ಷದ ಹನ್ನೆರಡು ತಿಂಗಳ ಬಾಡಿಗೆ 6,60,000. ಅದರಿಂದ ಕಟ್ಟಿದ ಕಂದಾಯ 14,000 ಮತ್ತು 7,000, ಒಟ್ಟು 21,000 ಕಳೆದರೆ 6,39,000. ಅದರ ಶೇ. 30 ಎಂದರೆ 1,91,700. ಕ್ರಮ ಮುಖ್ಯ: ಮೊದಲು ಕಂದಾಯ, ಆಮೇಲೆ ಶೇ. 30. ಸಾಲವಿಲ್ಲದ ಮನೆಯಾದ್ದರಿಂದ ಬಡ್ಡಿ ಕಳೆಯುವ ಪ್ರಶ್ನೆಯಿರಲಿಲ್ಲ. ಉಳಿದದ್ದು 4,47,300. ಮೇಡಂ ಭಯಪಟ್ಟ ಹನ್ನೆರಡು ಲಕ್ಷದ ಮನೆಯ ತೆರಿಗೆಗೆ ಒಳಪಡುವ ಆದಾಯ ಇಷ್ಟೇ. ಪಾಸ್‌ಬುಕ್ಕಿನ ಮೊತ್ತವನ್ನೇ ಬಾಡಿಗೆಯೆಂದು ಬರೆದಿದ್ದರೆ ಇದೇ ಲೆಕ್ಕದಲ್ಲಿ 8,44,200 ಬರುತ್ತಿತ್ತು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಹಿಂದಿನ ವರ್ಷ, ನಿರ್ಧರಣಾ ವರ್ಷ ಎಂಬ ಜೋಡಿಯ ಬದಲು "ತೆರಿಗೆ ವರ್ಷ" ಎಂಬ ಒಂದೇ ಮಾತು ಬಂದಿದೆ. ಆದರೆ ಕಟ್ಟಿದ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30 ಬಿಡುವ ಕ್ರಮ ಹಾಗೆಯೇ ಇದೆ.

ಅಂದು ಸಂಜೆ ಮೇಡಂ ಹೊರಡುವ ಮುಂಚೆ ಒಂದು ಹೊಸ ನೋಟ್‌ಬುಕ್ ತೆಗೆದು, ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದರು. ಬಂದ ದಿನ ಒಂದು ಅಂಕಣ, ಯಾವ ತಿಂಗಳಿನದು ಎನ್ನುವುದು ಇನ್ನೊಂದು, ಯಾರಿಗೆ ಸೇರಬೇಕಾದದ್ದು ಎನ್ನುವುದು ಮೂರನೆಯದು. 2025-26ರ ಮೊದಲ ಪುಟದಲ್ಲಿ ಮೊದಲ ಸಾಲು ಆಗಲೇ ತುಂಬಿತ್ತು: ಏಪ್ರಿಲ್, ಮೇ, ಜೂನ್, 1,65,000, ಬಂದದ್ದು ಮಾರ್ಚ್‌ನಲ್ಲಿ, ಟಿಡಿಎಸ್ 16,500 ಹಿಂದಿನ ವರ್ಷದಿಂದ ತಂದದ್ದು. ಅದರ ಕೆಳಗೆ ಜುಲೈ ಎಂದು ಬರೆದು ಮುಂದೆ ಖಾಲಿ ಬಿಟ್ಟರು.